ಒಬ್ಬರು ‘ಹೋಲ್ಡ್’ ಅಂದರು, ಇನ್ನೊಬ್ಬರು ‘ಕಳಿಸಿ’ ಅಂದರು: ಯಾರ ಮಾತು ಮೊದಲು?

ಪ್ರಶ್ನೆ: ಸರ್, ನಾನು ತುಮಕೂರಿನ ಹತ್ತಿರ ವಸಂತನರಸಾಪುರದಲ್ಲಿ ಆಟೋ ಬಿಡಿಭಾಗ ಮಾಡೋ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್. ಇಲ್ಲಿನ ಪ್ಲಾಂಟ್ ಹೆಡ್‌ಗೂ ರಿಪೋರ್ಟ್ ಮಾಡ್ಬೇಕು, ಪುಣೆಯಲ್ಲಿರೋ ಕಾರ್ಪೊರೇಟ್ ಕ್ವಾಲಿಟಿ ಹೆಡ್‌ಗೂ ಮಾಡ್ಬೇಕು. ಕಳೆದ ಶುಕ್ರವಾರ ಒಂದು ಲಾಟ್‌ನಲ್ಲಿ ಪಾರ್ಟ್‌ನ ತೂತು, ಅಂದ್ರೆ ಬೋರ್, ಸೈಜ್ ಜಾಸ್ತಿ ಬಂತು. ಪುಣೆಯವರು ‘ಹೋಲ್ಡ್ ಮಾಡಿ’ ಅಂದ್ರು. ಪ್ಲಾಂಟ್ ಹೆಡ್ ‘ಲಾರಿ ನಿಂತಿದೆ, ಕಳಿಸಿ’ ಅಂದ್ರು. ನನ್ನ ರಜೆ, ಇಂಕ್ರಿಮೆಂಟ್ ಎಲ್ಲ ಪ್ಲಾಂಟ್ ಹೆಡ್ ಕೈಲಿದೆ, ಹಾಗಾಗಿ ಕಳಿಸ್ಬಿಟ್ಟೆ. ಈಗ ಪುಣೆಯವರು ನನ್ನ ಫೋನೇ ಎತ್ತುತ್ತಿಲ್ಲ. ದಿನವೂ ಇದೇ ಕಥೆ. ಯಾರ ಮಾತು ಮೊದಲು ಕೇಳ್ಬೇಕು?

ಉತ್ತರ: ಯಾರ ಮಾತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಲಾಟ್ ವಿಷಯ. ಅದು ಈಗ ಎಲ್ಲಿದೆ? ಕಸ್ಟಮರ್ ಸ್ಟೋರ್‌ನಲ್ಲಿದೆಯೋ, ಲೈನಿಗೆ ಹೋಗಿದೆಯೋ, ಜೋಡಣೆಯಾಗಿ ಗಾಡಿಯೊಳಗೆ ಸೇರಿಬಿಟ್ಟಿದೆಯೋ? ಇದು ಇವತ್ತೇ ಗೊತ್ತಾಗಬೇಕು.

ನಿಮ್ಮ ಕಾರ್ಖಾನೆಗೆ ಗಾಡಿ ಬಿಡಿಭಾಗ ಮಾಡುವವರ ಗುಣಮಟ್ಟದ ನಿಯಮಾವಳಿಯಾದ ಐಎಟಿಎಫ್ 16949ರ ಸರ್ಟಿಫಿಕೇಟ್ ಇರುತ್ತದೆ ಅಂದುಕೊಂಡಿದ್ದೇನೆ. ಗಾಡಿ ಕಂಪನಿಗಳಿಗೆ ಮಾಲು ಕೊಡುವವರಲ್ಲಿ ಅದು ಸಾಮಾನ್ಯ. ಅದರ 8.7.1.6ನೇ ಕಲಂ ತೆಗೆದು ಓದಿ. ಅಳತೆ ತಪ್ಪಿದ ಮಾಲು ಹೊರಗೆ ಹೋಗಿದೆ ಎಂದು ಗೊತ್ತಾದರೆ ಕಸ್ಟಮರ್‌ಗೆ ತಕ್ಷಣ ತಿಳಿಸಲೇಬೇಕು ಎಂದು ಅಲ್ಲಿದೆ. ಬಾಸ್ ಒಪ್ಪಿದರೆ ತಿಳಿಸಿ ಎಂದು ಅಲ್ಲಿಲ್ಲ. ಹಾಗಾಗಿ ಇಬ್ಬರು ಬಾಸ್‌ಗಳಿಗೂ ಒಟ್ಟಿಗೇ ಒಂದು ಮೇಲ್ ಹಾಕಿ. ಲಾಟ್ ನಂಬರ್, ಎಷ್ಟು ಪೀಸ್, ಅಳತೆ ಎಷ್ಟು ಬಂದಿತ್ತು, ಯಾವತ್ತು ಹೋಯಿತು, ಇಷ್ಟು ಬರೆಯಿರಿ. ‘ಕಸ್ಟಮರ್‌ಗೆ ಯಾರು ಹೇಳುತ್ತೀರಿ, ಇವತ್ತು ಎಷ್ಟು ಗಂಟೆಯೊಳಗೆ?’ ಎಂದು ಕೇಳಿ. ಕಸ್ಟಮರ್ ಹತ್ತಿರವೇ ಹೋಗಿ ಒಳ್ಳೆ, ಕೆಟ್ಟ ಪೀಸ್ ಬೇರೆ ಮಾಡೋ ಸಾರ್ಟಿಂಗ್‌ಗೆ ಇಬ್ಬರನ್ನು ಕಳಿಸಲು ನಾನು ತಯಾರಿದ್ದೇನೆ ಎಂದೂ ಸೇರಿಸಿ. ಸಂಜೆಯೊಳಗೆ ಇಬ್ಬರಿಂದಲೂ ಉತ್ತರ ಬರದಿದ್ದರೆ ಇಬ್ಬರಿಗೂ ಮೇಲಿರುವವರಿಗೆ ಅದೇ ಮೇಲ್ ಹೋಗಬೇಕು. ಶುಕ್ರವಾರ ಕಳಿಸಿದ್ದು ಒತ್ತಡದಲ್ಲಿ ಆದ ತಪ್ಪು, ಅದನ್ನು ಸರಿಮಾಡಬಹುದು. ಗೊತ್ತಿದ್ದೂ ಸುಮ್ನೆ ಕೂತರೆ ಅದರ ತೂಕವೇ ಬೇರೆ.

ಈಗ ನಿಮ್ಮ ಪ್ರಶ್ನೆ. ನೀವು ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ಯಾರು ಭಾರ ಅಂತ ನೋಡಿದ್ದೀರಿ. ರಜೆ, ಇಂಕ್ರಿಮೆಂಟ್ ಕೈಯಲ್ಲಿರುವವರು ಭಾರವಾಗಿ ಕಂಡರು. ಎಲ್ಲರೂ ಹಾಗೇ ನೋಡುತ್ತಾರೆ, ನಾನೂ ಹಾಗೇ ನೋಡುತ್ತಿದ್ದೆ. ಆದರೆ ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಯಾರು ದೊಡ್ಡವರು ಅಂತಲ್ಲ, ಈ ತೀರ್ಮಾನ ಯಾರದ್ದು ಅಂತ.

ಶುಕ್ರವಾರದ ಮಾತನ್ನು ಬಿಡಿಸಿ ನೋಡಿ. ಲಾರಿ ಎಷ್ಟು ಗಂಟೆಗೆ ಹೊರಡಬೇಕು, ಯಾವ ಪಾರ್ಟ್ ಮೊದಲು ಓಡಬೇಕು, ಓಟಿಗೆ ಯಾರು ನಿಲ್ಲಬೇಕು, ಇವೆಲ್ಲ ಪ್ಲಾಂಟ್ ಹೆಡ್ ತೀರ್ಮಾನಗಳು. ಪುಣೆಯವರು ಇಲ್ಲಿ ಬಾಯಿ ಹಾಕಿದರೆ ಅವರದ್ದು ತಪ್ಪು. ಈ ಪೀಸ್ ಪಾಸೋ ಫೇಲೋ ಅನ್ನುವುದು ಕ್ವಾಲಿಟಿಯವರ ತೀರ್ಮಾನ. ಅದೇ ಐಎಟಿಎಫ್‌ನ 5.3.2ನೇ ಕಲಂ ಪ್ರಕಾರ, ಮಾಲು ಅಳತೆಗೆ ಸರಿಯಾಗಿದೆಯೇ ಎಂದು ನೋಡುವ ಹೊಣೆ ಯಾರದ್ದೋ ಅವರಿಗೆ ಡಿಸ್ಪ್ಯಾಚ್ ನಿಲ್ಲಿಸುವ, ಉತ್ಪಾದನೆ ನಿಲ್ಲಿಸುವ ಅಧಿಕಾರ ಇರುವಂತೆ ಕಂಪನಿಯ ಮೇಲಿನವರು ನೋಡಿಕೊಳ್ಳಬೇಕು. ನಿಮ್ಮ ಶಿಫ್ಟ್‌ನಲ್ಲಿ ಆ ಹೊಣೆ ನಿಮ್ಮದಾಗಿದ್ದರೆ, ಆ ಅಧಿಕಾರವೂ ನಿಮ್ಮದೇ. ಇನ್ನು ಮೂರನೆಯದು ಇದೆ. ಅಳತೆ ತಪ್ಪಿದ್ದರೂ ನಡೆಯುತ್ತದೆ, ಬಳಸಬಹುದು ಅನ್ನುವ ತೀರ್ಮಾನ ನಿಮ್ಮ ಇಬ್ಬರು ಬಾಸ್‌ಗಳದ್ದೂ ಅಲ್ಲ. ಅದು ಕಸ್ಟಮರ್‌ದು. ಅವರು ಬರೆದುಕೊಡಬೇಕು. ನಾವು ಅದನ್ನು ಡೀವಿಯೇಷನ್ ಅಂತೀವಿ, ಕೆಲವು ಕಡೆ ಕನ್ಸೆಷನ್ ಅಂತಾರೆ.

ಹೀಗೆ ನೋಡಿದರೆ, ‘ಲಾರಿ ಆರು ಗಂಟೆಗೆ ಹೊರಡಲಿ’ ಅನ್ನುವ ಹಕ್ಕು ಪ್ಲಾಂಟ್ ಹೆಡ್‌ಗೆ ಇತ್ತು. ‘ಆ ಪೀಸ್‌ಗಳನ್ನೂ ಹಾಕಿ ಕಳಿಸಿ’ ಅನ್ನುವ ಹಕ್ಕು ಇರಲಿಲ್ಲ. ನಿಮ್ಮ ಇಂಕ್ರಿಮೆಂಟ್ ಬರೆಯುವವರು ಅನ್ನುವ ಕಾರಣಕ್ಕೆ ಆ ಹಕ್ಕು ಬರುವುದೂ ಇಲ್ಲ. ಸಾಲಿಡ್ ಲೈನ್, ಡಾಟೆಡ್ ಲೈನ್ ಅಂತ ಎಚ್ಆರ್‌ನವರು ಚಾರ್ಟ್‌ನಲ್ಲಿ ಗೆರೆ ಹಾಕುತ್ತಾರಲ್ಲ, ಅದು ನಿಮ್ಮ ರಜೆ ಯಾರು ಮಂಜೂರು ಮಾಡ್ತಾರೆ, ಅಪ್ರೈಸಲ್ ಯಾರು ಬರೀತಾರೆ ಅನ್ನುವುದನ್ನು ಹೇಳುತ್ತದೆ. ಒಂದೊಂದು ತೀರ್ಮಾನ ಯಾರದ್ದು ಅನ್ನುವುದನ್ನು ಹೇಳುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಪಾಲು ಗೋಳು.

ಈಗ ಶುಕ್ರವಾರವನ್ನು ಇನ್ನೊಮ್ಮೆ ನಡೆಸಿ ನೋಡೋಣ. ನಿಮ್ಮ ಪಾರ್ಟ್ ಯಾವುದೋ ನನಗೆ ಗೊತ್ತಿಲ್ಲ, ಲೆಕ್ಕಕ್ಕೆ ಒಂದನ್ನು ಇಟ್ಟುಕೊಳ್ಳುತ್ತೇನೆ. 25 ಎಂಎಂ ಬೋರ್, ಎಚ್7 ಟಾಲರೆನ್ಸ್. ಅಂದರೆ 25.000ರಿಂದ 25.021ರ ಒಳಗೆ ಬರಬೇಕು. ಲಾಟ್ 600 ಪೀಸ್. ಮಷೀನು ಗಂಟೆಗೆ 40 ಪೀಸ್ ಕೊಡುತ್ತದೆ. ಎರಡು ಗಂಟೆಗೊಮ್ಮೆ ಅಳತೆ. ಮಧ್ಯಾಹ್ನ 12ಕ್ಕೆ ಅಳೆದಾಗ ಸರಿ ಇತ್ತು. 2 ಗಂಟೆಗೆ ಅಳೆದರೆ 25.027. ಮಷೀನು ನಿಲ್ಲಿಸುವ ಹೊತ್ತಿಗೆ ಎರಡೂವರೆ.

ಕಾರಣ ಹುಡುಕಿದರೆ ಇಷ್ಟೇ ಇರುತ್ತದೆ. ಒಂದು ಗಂಟೆ ಸುಮಾರಿಗೆ ಲೋಹ ಕೊರೆಯುವ ಇನ್ಸರ್ಟ್ ಬದಲಾಯಿಸಿದ್ದಾರೆ. ಆಮೇಲೆ ಆಪರೇಟರ್ ಟೂಲ್ ಎಷ್ಟು ಕೊರೆಯಬೇಕು ಅನ್ನುವ ಆಫ್‌ಸೆಟ್ ಒಂದು ಚೂರು ಜಾಸ್ತಿ ಕೊಟ್ಟಿದ್ದಾನೆ, ಮೊದಲ ಪೀಸ್ ಅಳೆಯದೆ ಸೈಕಲ್ ಸ್ಟಾರ್ಟ್ ಒತ್ತಿದ್ದಾನೆ. ಬೋರ್ ಚಿಕ್ಕದಾಗಿದ್ದರೆ ಇನ್ನೊಂದು ಪಾಸ್ ಹೊಡೆದು ಸರಿಮಾಡಬಹುದಿತ್ತು. ದೊಡ್ಡದಾದರೆ ಲೋಹ ಹೋಯಿತು, ವಾಪಸ್ ಬರುವುದಿಲ್ಲ.

ಇಲ್ಲಿ ನಿಮ್ಮ ಕೆಲಸ ಹೋಲ್ಡೋ ಕಳಿಸೋ ಅಂತ ಆರಿಸುವುದಲ್ಲ. ಎಷ್ಟು ಪೀಸ್ ಮೇಲೆ ಅನುಮಾನ ಇದೆ ಅಂತ ಲೆಕ್ಕ ಹಾಕುವುದು. ಕೊನೆಯ ಸರಿಯಾದ ಅಳತೆ 12 ಗಂಟೆಯದ್ದು. ಅಲ್ಲಿಂದ ಎರಡೂವರೆವರೆಗೆ ನೂರು ಪೀಸ್. ಇನ್ಸರ್ಟ್ ಬದಲಾಗಿದ್ದು ಒಂದು ಗಂಟೆಗೆ ಅಂತ ಆಪರೇಟರ್ ಹೇಳಿದರೂ ಅವನ ನೆನಪಿನ ಮೇಲೆ ಲೆಕ್ಕ ಶುರುಮಾಡಬೇಡಿ. ಬರೆದಿಟ್ಟ ಕೊನೆಯ ಅಳತೆಯಿಂದಲೇ ಶುರುಮಾಡಿ. ಉಳಿದ 500 ಪೀಸ್ ಮೇಲೆ ಯಾರಿಗೂ ತಕರಾರಿಲ್ಲ. ಆ ನೂರು ಪೀಸಿಗೆ ಕೆಂಪು ಟ್ಯಾಗ್ ಹಾಕಿ ಬೇರೆ ಇಡಿಸಿ. ಗೋ-ನೋಗೋ ಪ್ಲಗ್ ಗೇಜ್ ತಗೊಂಡು ಒಬ್ಬರು ಕೂತರೆ ಒಂದು ಪೀಸಿಗೆ 15 ಸೆಕೆಂಡ್. ನೂರು ಪೀಸಿಗೆ 25 ನಿಮಿಷ. ನೋಗೋ ತುದಿ, ಅಂದರೆ ಸರಿಯಾದ ಬೋರ್‌ನೊಳಗೆ ಹೋಗಬಾರದ ದಪ್ಪ ತುದಿ, ಒಳಗೆ ಹೋಯಿತೋ, ಆ ಪೀಸ್ ಪಕ್ಕಕ್ಕೆ.

25 ನಿಮಿಷ! ಲಾರಿ ಡ್ರೈವರ್ ಒಂದು ಟೀ ಕುಡಿದು ಬರುವಷ್ಟು ಹೊತ್ತು. ಸಾರ್ಟಿಂಗ್ ನಡೆಯುವಾಗಲೇ ಪ್ಲಾಂಟ್ ಹೆಡ್ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿ: ‘ಸರ್, ನಾಳೆ ಬೆಳಗಿನ ಶಿಫ್ಟಿಗೆ ಅವರಿಗೆ ಎಷ್ಟು ಪೀಸ್ ಬೇಕೇ ಬೇಕು?’ 400 ಅಂದರೆ 500 ತಕರಾರಿಲ್ಲದ ಪೀಸ್ ಇದೆ, ಲಾರಿ ಹೊರಡಬಹುದು. ಇಬ್ಬರ ಮಾತೂ ನಡೆಯಿತು. ಪುಣೆಯವರು ಹೋಲ್ಡ್ ಅಂದಿದ್ದು ಕೆಟ್ಟ ಪೀಸ್ ಹೋಗಬಾರದು ಅಂತ. ಪ್ಲಾಂಟ್ ಹೆಡ್ ಕಳಿಸಿ ಅಂದಿದ್ದು ಕಸ್ಟಮರ್ ಲೈನ್ ನಿಲ್ಲಬಾರದು ಅಂತ. ಇಬ್ಬರೂ ಲಾಟ್ ಲಾಟ್ ಅಂತ ಮಾತಾಡುತ್ತಿದ್ದರು. ಪೀಸ್ ಲೆಕ್ಕ ಇಟ್ಟುಕೊಂಡು ಮಾತಾಡಬಲ್ಲವರು ಅಲ್ಲಿ ನೀವೊಬ್ಬರೇ. ನನ್ನ ಅನುಭವದಲ್ಲಿ ಇಂಥ ಜಗಳಗಳಲ್ಲಿ ಬಹಳಷ್ಟು ಹೀಗೇ ಕರಗುತ್ತವೆ. ಶಾಪ್ ಫ್ಲೋರ್‌ನಿಂದ ಒಂದು ಅಂಕಿ ಬಂದ ಕೂಡಲೇ ಮಾತಿನ ಬಿಸಿ ಇಳಿಯುತ್ತದೆ.

ಎಲ್ಲ ಸಲ ಇಷ್ಟು ಸಲೀಸಾಗಿ ಆಗುವುದಿಲ್ಲ. ಬಿನ್‌ಗಳ ಮೇಲೆ ತಾರೀಕು, ಹೊತ್ತು ಬರೆಯದೆ ಎಲ್ಲ ಮಿಕ್ಸ್ ಆಗಿದ್ದರೆ 600 ಪೀಸ್ ಮೇಲೂ ಅನುಮಾನ. ಆಗ ಒಬ್ಬರು ಕೂತರೆ ಎರಡೂವರೆ ಗಂಟೆ, ಮೂವರು ಕೂತರೆ 50 ನಿಮಿಷ, ಗೇಜ್ ಮೂರಿದ್ದರೆ ಮಾತ್ರ. ಮೂವರನ್ನು ಕೊಡುವುದು ಪ್ಲಾಂಟ್ ಹೆಡ್ ಕೈಲಿದೆ, ಅದನ್ನೇ ಅವರ ಹತ್ತಿರ ಕೇಳಿ. ಒಳ್ಳೆ ಪೀಸ್ ಸಾಲದೇ ಹೋದರೆ ಡೀವಿಯೇಷನ್ ಕೇಳಬೇಕು. ಕಸ್ಟಮರ್ ಆಗಲ್ಲ ಅಂದರೆ ಅವರ ಲೈನ್ ನಿಲ್ಲುತ್ತದೆ. ಕಷ್ಟವೇ, ಆದರೆ ಆ ಮಾತು ಕಸ್ಟಮರ್ ಹತ್ತಿರ ಆಡಬೇಕಾದವರು ಪ್ಲಾಂಟ್ ಹೆಡ್. ನೀವಲ್ಲ.

ಇಬ್ಬರೂ ಫೋನಿಗೆ ಸಿಗದೆ ಹೋದರೆ? ಆಗ ನಾನು ನೋಡುವುದು ಒಂದೇ: ನನ್ನ ತೀರ್ಮಾನ ತಪ್ಪಾದರೆ ಯಾವುದನ್ನು ವಾಪಸ್ ತಿರುಗಿಸಬಹುದು? ಒಂದು ಗಂಟೆ ನಿಲ್ಲಿಸಿದ ಲಾರಿಯನ್ನು ಆಮೇಲೂ ಕಳಿಸಬಹುದು. ಗಾಡಿಯೊಳಗೆ ಸೇರಿದ ಪೀಸನ್ನು ಹುಡುಕಿ ತೆಗೆಯುವುದು ಹಾಗಲ್ಲ. ಹಾಗಾಗಿ ಅಷ್ಟು ಹೊತ್ತು ನಿಲ್ಲಿಸುತ್ತೇನೆ. ನಿಲ್ಲಿಸಿದ್ದೇನೆ ಅಂತ ಇಬ್ಬರಿಗೂ ಆ ನಿಮಿಷದಲ್ಲೇ ಮೆಸೇಜ್ ಹಾಕುತ್ತೇನೆ.

ಈ ಮೆಸೇಜ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಾನು ಎಡವಿದ್ದೇ ಇಲ್ಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಾರ್ಖಾನೆಯಲ್ಲಿ ನನಗೂ ಇಬ್ಬರು ಬಾಸ್‌ಗಳಿದ್ದರು. ಇಬ್ಬರ ಕ್ಯಾಬಿನ್ ನಡುವೆ ಒಂದು ಕಾರಿಡಾರ್, ಮೂವತ್ತು ಹೆಜ್ಜೆ. ಅವರು ಹೀಗಂದರು ಅಂತ ಇವರಿಗೆ ಹೇಳುವುದು, ಇವರು ಹಾಗಂದರು ಅಂತ ಅವರಿಗೆ ಹೇಳುವುದು. ದಿನಕ್ಕೆ ಆರೇಳು ಸಲ ಆ ಕಾರಿಡಾರ್‌ನಲ್ಲಿ ಓಡಾಡುತ್ತಿದ್ದೆ, ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್. ಒಳ್ಳೆ ಕೆಲಸ ಮಾಡ್ತಿದ್ದೀನಿ ಅಂತಲೇ ಅಂದುಕೊಂಡಿದ್ದೆ. ಮೂರು ತಿಂಗಳು ಕಳೆದ ಮೇಲೆ ಒಂದು ರಿವ್ಯೂನಲ್ಲಿ ಇಬ್ಬರೂ ಎದುರುಬದುರು ಕೂತರು. ಒಬ್ಬರು ‘ನಾನು ಯಾವಾಗ ಬೇಡ ಅಂದೆ? ಬುಧವಾರದವರೆಗೆ ತಡೀರಿ ಅಂದೆ ಅಷ್ಟೇ’ ಅಂದರು. ಇನ್ನೊಬ್ಬರು ‘ನನಗೆ ಬೇಡ ಅಂದ್ರು ಅಂತ ಹೇಳಿದ್ರು’ ಅಂದರು. ಇಬ್ಬರೂ ನನ್ನ ಕಡೆ ತಿರುಗಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಹಾಗಾಯಿತು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಒಬ್ಬರ ಮಾತನ್ನು ಇನ್ನೊಬ್ಬರ ಹತ್ತಿರ ನನ್ನ ಬಾಯಲ್ಲಿ ಹೇಳುವಾಗ ‘ಬುಧವಾರದವರೆಗೆ’ ಅನ್ನುವುದು ದಾರಿಯಲ್ಲೇ ಎಲ್ಲೋ ಬಿದ್ದುಹೋಗಿತ್ತು.

ಅವತ್ತಿನಿಂದ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತುಕೊಂಡು ಹೋಗುವುದನ್ನು ಬಿಟ್ಟೆ. ಇಬ್ಬರ ಮಾತು ಬೇರೆಬೇರೆ ಆದ ಕೂಡಲೇ ಇಬ್ಬರನ್ನೂ ಒಂದೇ ಮೇಲ್‌ನಲ್ಲಿ, ಒಂದೇ ಕಾಲ್‌ನಲ್ಲಿ ಸೇರಿಸುತ್ತೇನೆ. ಇಬ್ಬರ ಹೆಸರೂ ‘ಟು’ನಲ್ಲೇ ಇರಬೇಕು. ಒಬ್ಬರು ಟು, ಇನ್ನೊಬ್ಬರು ಸಿಸಿ ಆದರೆ ಅದು ಚಾಡಿ ಥರ ಕಾಣುತ್ತದೆ. ಒಬ್ಬರ ಮೇಲನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದಂತೂ ಬೇಡವೇ ಬೇಡ. ಶುಕ್ರವಾರದ ಮೇಲ್ ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ:

“ಸರ್, ಈ ಲಾಟ್ ಬಗ್ಗೆ ನನಗೆ ಎರಡು ಸೂಚನೆ ಬಂದಿವೆ: 6 ಗಂಟೆಗೆ ಡಿಸ್ಪ್ಯಾಚ್ ಆಗಬೇಕು, ಲಾಟ್ ಹೋಲ್ಡ್ ಆಗಬೇಕು. 600ರಲ್ಲಿ 500 ಪೀಸ್ ಸರಿ ಇವೆ. 12ರಿಂದ 2.30ರ ನಡುವೆ ಆದ 100 ಪೀಸ್ ಮೇಲೆ ಅನುಮಾನ ಇದೆ, 25.027 ಬಂದಿದೆ. 500 ಪೀಸ್ 6 ಗಂಟೆಗೆ ಹೊರಡುತ್ತವೆ. 100 ಪೀಸ್ ಬೇರೆ ಇಟ್ಟಿದ್ದೇನೆ, ಸಾರ್ಟಿಂಗ್ ನಡೆಯುತ್ತಿದೆ. ಬೇರೆ ರೀತಿ ಆಗಬೇಕಿದ್ದರೆ 5.30ರೊಳಗೆ ದಯವಿಟ್ಟು ಇಬ್ಬರೂ ಮಾತಾಡಿ ತಿಳಿಸಿ. ಲೈನಿನಲ್ಲೇ ಇದ್ದೇನೆ, ಕಾಲ್‌ಗೆ ಸೇರಿಕೊಳ್ಳುತ್ತೇನೆ.”

ಇದರಲ್ಲಿ ‘ಅವರು ಹೀಗಂದರು’ ಅಂತ ಎಲ್ಲೂ ಇಲ್ಲ, ನೋಡಿ. ಸೂಚನೆ ಇದೆ, ಹೆಸರಿಲ್ಲ. ನೀವು ಏನು ಮಾಡಲಿದ್ದೀರಿ ಅನ್ನುವುದಿದೆ, ಏನು ಮಾಡಲಿ ಅಂತ ಕೇಳಿಲ್ಲ. ‘ಏನು ಮಾಡಲಿ ಸರ್’ ಅಂತ ಕೇಳಿದರೆ ಎರಡು ಉತ್ತರ ಬರುತ್ತವೆ, ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೀರಿ. ಮೇಲ್ ಹಾಕಿದ ಮೇಲೆ ಎದ್ದು ಹೋಗಿ ಪ್ಲಾಂಟ್ ಹೆಡ್‌ಗೆ ಬಾಯಲ್ಲೂ ಹೇಳಿ. ಪಕ್ಕದಲ್ಲೇ ಇರುವವರಿಗೆ ಬರೀ ಮೇಲ್ ಹೋದರೆ ಮನಸ್ಸಿಗೆ ಚುಚ್ಚುತ್ತದೆ.

ಇಷ್ಟಾದರೂ ‘ಆ ನೂರೂ ಹಾಕಿ ಕಳಿಸಿ’ ಅಂತ ಬಾಯಲ್ಲೇ ಒತ್ತಾಯ ಬಂದರೆ, ಜಗಳ ಬೇಡ. ‘ಸರ್, ಪಿಡಿಐ ರಿಪೋರ್ಟ್‌ಗೆ ನಾನು ಸೈನ್ ಮಾಡಬೇಕು. ಅಳತೆ ಮೀರಿದ ಪೀಸಿಗೆ ಓಕೆ ಅಂತ ಬರೆಯೋಕೆ ಆಗಲ್ಲ. ಡೀವಿಯೇಷನ್ ತರಿಸಿಕೊಡಿ, ಈಗಲೇ ಲೋಡ್ ಮಾಡಿಸ್ತೀನಿ’ ಅನ್ನಿ. ಮೆತ್ತಗೇ ಹೇಳಿ. ಸೈನ್ ಮಾತ್ರ ಹಾಕಬೇಡಿ. ಡಿಸ್ಪ್ಯಾಚ್‌ಗೆ ಮೊದಲಿನ ಆ ರಿಪೋರ್ಟ್‌ನಲ್ಲಿ ನಾಳೆ ಉಳಿಯುವುದು ನಿಮ್ಮ ಸೈನ್ ಒಂದೇ. ಬಾಯಲ್ಲಿ ಹೇಳಿದ ಆರ್ಡರ್ ಯಾವ ಆಡಿಟ್‌ನಲ್ಲೂ ಸಿಗುವುದಿಲ್ಲ.

‘ದಿನವೂ ಇದೇ ಕಥೆ’ ಅಂದಿದ್ದೀರಿ. ದಿನವೂ ಆಗುವ ಜಗಳ ಬಹುಶಃ ಬೋರ್ ಸೈಜ್‌ದಲ್ಲ, ನಿಮ್ಮ ಸಮಯದ್ದು. ಪುಣೆಯವರಿಗೆ ಆಡಿಟ್ ರಿಪೋರ್ಟ್ ಬೇಕು, ಪ್ಲಾಂಟ್ ಹೆಡ್‌ಗೆ ರಿಜೆಕ್ಷನ್ ಅನಾಲಿಸಿಸ್ ಬೇಕು, ಎರಡೂ ಇವತ್ತೇ. ಇಲ್ಲಿ ಇಬ್ಬರೂ ಸರಿ. ಯಾರ ತೀರ್ಮಾನ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ನಿಮ್ಮ ದಿನ ಇಬ್ಬರಿಗೂ ಸೇರಿದ್ದು.

ಇದಕ್ಕೆ ಗಂಟೆ ಲೆಕ್ಕವೇ ಬೇಕು. ಸೋಮವಾರ ಬೆಳಗ್ಗೆ ವಾರದ ಕೆಲಸವನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆಯಿರಿ, ಪಕ್ಕದಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಹಾಕಿ. ಪ್ಲಾಂಟ್ ಕೆಲಸ 36 ಗಂಟೆ, ಪುಣೆ ಕೆಲಸ 22 ಗಂಟೆ ಬಂತು ಅನ್ನೋಣ. ಒಟ್ಟು 58. ವಾರಕ್ಕೆ ಇರುವುದು 48. ಹತ್ತು ಗಂಟೆ ಕಡಿಮೆ ಬಿತ್ತು. ಈ ಹತ್ತು ಗಂಟೆಯನ್ನು ರಾತ್ರಿ ಕೂತು ನೀವೇ ತುಂಬಿದರೆ ನಿಮ್ಮ ಬಾಸ್‌ಗಳಿಗೆ ಆ ಕೊರತೆ ಯಾವತ್ತೂ ಕಾಣುವುದಿಲ್ಲ. ಪಟ್ಟಿಯನ್ನು ಇಬ್ಬರಿಗೂ ಕಳಿಸಿ, ಹದಿನೈದು ನಿಮಿಷ ಇಬ್ಬರನ್ನೂ ಕಾಲ್‌ಗೆ ಕೂರಿಸಿ. ‘ಈ ಕೊನೆಯ ಎರಡು ಕೆಲಸ ಮುಂದಿನ ವಾರಕ್ಕೆ ಹಾಕಿದ್ದೇನೆ, ಬೇರೆ ಯಾವುದಾದರೂ ಹಾಕಬೇಕಾ?’ ಅಂತ ಕೇಳಿ. ಮೊದಲೆರಡು ವಾರ ಇಬ್ಬರಲ್ಲಿ ಒಬ್ಬರು ಬರುವುದಿಲ್ಲ. ಬರದವರ ಕೆಲಸ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ. ಮೂರನೇ ವಾರ ಬರುತ್ತಾರೆ.

ಒಂದು ವಿಷಯ ನಿಮಗೆ ಗೊತ್ತಿದ್ದರೆ ಒಳ್ಳೆಯದು. ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ ಇರಬೇಕು ಅಂತ ಫ್ರಾನ್ಸ್‌ನ ಗಣಿ ಇಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲೇ ಬರೆದಿದ್ದರು. ಅದನ್ನು ಗೊತ್ತಿದ್ದೇ ಮುರಿದು ಒಬ್ಬನಿಗೆ ಇಬ್ಬರು ಬಾಸ್ ಇರುವ ಮ್ಯಾಟ್ರಿಕ್ಸ್ ಪದ್ಧತಿ ಮಾಡಿದ್ದು 1960ರ ದಶಕದಲ್ಲಿ, ಅಮೆರಿಕದ ವಿಮಾನ ಮತ್ತು ಬಾಹ್ಯಾಕಾಶ ಕಂಪನಿಗಳಲ್ಲಿ. ಇಂಜಿನಿಯರ್ ತನ್ನ ವಿಭಾಗದ ಮುಖ್ಯಸ್ಥನಿಗೂ ಉತ್ತರ ಕೊಡಬೇಕು, ಪ್ರಾಜೆಕ್ಟ್ ಮ್ಯಾನೇಜರ್‌ಗೂ ಕೊಡಬೇಕು. ಕೆಲಸದ ಗುಣಮಟ್ಟ ನೋಡುವವರು ಒಬ್ಬರು, ಹೊತ್ತಿಗೆ ಸರಿಯಾಗಿ ಮುಗಿಸುವವರು ಇನ್ನೊಬ್ಬರು. ಇಬ್ಬರ ನಡುವೆ ಜಗ್ಗಾಟ ಇರಲಿ ಅಂತಲೇ ಹಾಗೆ ಮಾಡಿದ್ದು. ಆದರೆ ಆ ಜಗ್ಗಾಟ ಆ ಇಬ್ಬರ ನಡುವೆ ಆಗಬೇಕು. ನಿಮ್ಮಲ್ಲಿ ಅದು ನಿಮ್ಮ ತಲೆಯೊಳಗೆ ನಡೆಯುತ್ತಿದೆ, ಅವರಿಬ್ಬರೂ ಆರಾಮಾಗಿದ್ದಾರೆ.

ಇಬ್ಬರಿಗೂ ಮೇಲೆ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಸಿಒಒ ಇರಬಹುದು, ಎಂಡಿ ಇರಬಹುದು. ಎರಡು ಗೆರೆಗಳು ಸೇರುವ ಆ ಜಾಗ ಯಾವುದು ಅಂತ ಚಾರ್ಟ್‌ನಲ್ಲಿ ಈಗಲೇ ನೋಡಿಟ್ಟುಕೊಳ್ಳಿ. ವರ್ಷಕ್ಕೆ ಒಂದೆರಡು ಸಲ ಅಲ್ಲಿಗೆ ಹೋಗಬೇಕಾಗಬಹುದು. ಹೋಗುವ ಮೊದಲು ಇಬ್ಬರಿಗೂ ಹೇಳಿಯೇ ಹೋಗಿ. ತಿಂಗಳಿಗೆ ನಾಲ್ಕು ಸಲ ಹೋಗಬೇಕಾಗುತ್ತಿದ್ದರೆ ಅದು ಅವರಿಬ್ಬರ ಸ್ವಂತ ಜಗಳ. ನಿಮ್ಮ ಮೇಲ್‌ಗಳಿಂದ ಅದು ಮುಗಿಯುವುದಿಲ್ಲ. ಆಗ ಬೇರೆ ಪ್ಲಾಂಟ್, ಬೇರೆ ಕೆಲಸ ನೋಡುವುದರಲ್ಲಿ ತಪ್ಪಿಲ್ಲ.

ಇಂಕ್ರಿಮೆಂಟ್ ಭಯ ಸುಳ್ಳಲ್ಲ, ಅದನ್ನು ಇಲ್ಲ ಅನ್ನಲಾರೆ. ಪ್ಲಾಂಟ್ ಹೆಡ್ ಮಾತಿಗೆ ಅಡ್ಡ ನಿಂತರೆ ಒಂದು ವರ್ಷ ರೇಟಿಂಗ್ ಕಡಿಮೆ ಬರಬಹುದು. ಅದಕ್ಕೆ ನೀವು ಮಾಡಬಹುದಾದ್ದು ಒಂದಿದೆ. ಅಪ್ರೈಸಲ್‌ನಲ್ಲಿ ಪುಣೆಯವರ ಅಭಿಪ್ರಾಯಕ್ಕೆ ಎಷ್ಟು ತೂಕ ಅಂತ ಎಚ್ಆರ್ ಹತ್ತಿರ ಬರಹದಲ್ಲಿ ಕೇಳಿ, ವರ್ಷದ ಕೊನೆಯಲ್ಲಲ್ಲ, ಗುರಿಗಳನ್ನು ಬರೆಯುವ ತಿಂಗಳಲ್ಲೇ. ಎಷ್ಟೋ ಕಂಪನಿಗಳಲ್ಲಿ ಆ ಕಾಲಂ ಇರುತ್ತದೆ, ಕೇಳುವವರಿಲ್ಲದೆ ಖಾಲಿ ಬಿದ್ದಿರುತ್ತದೆ.

ಕೊನೆಗೆ, ಫೋನ್ ಎತ್ತದ ಪುಣೆಯವರು. ಅವರ ಸಿಟ್ಟು ಲಾಟ್ ಹೋಗಿದ್ದಕ್ಕೆ ಅಂತ ನೀವು ಅಂದುಕೊಂಡಿದ್ದೀರಿ. ಹೋಗಿದೆ ಅಂತ ನಿಮ್ಮಿಂದ ಅವರಿಗೆ ಗೊತ್ತಾಗಲಿಲ್ಲ ಅನ್ನುವುದಕ್ಕೂ ಇರಬಹುದು. ಹಾಗಾಗಿ ಮೊದಲು ಹೇಳಿದ ಆ ಮೇಲ್ ಹಾಕಿದ ಮೇಲೆ ಅವರಿಗೆ ಒಂದು ಮೆಸೇಜ್ ಬೇರೆ ಹಾಕಿ: ‘ಸರ್, ಶುಕ್ರವಾರ ನೀವು ಹೋಲ್ಡ್ ಅಂದ ಮೇಲೂ ಲಾಟ್ ಕಳಿಸಿದೆ. ಕಳಿಸುವ ಮೊದಲು ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ಲಾಟ್ ಈಗ ಎಲ್ಲಿದೆ ಅನ್ನೋ ವಿವರ ಮೇಲ್‌ನಲ್ಲಿದೆ. ಸಾರ್ಟಿಂಗ್‌ಗೆ ಯಾರನ್ನು ಕಳಿಸೋದು ಅಂತ ಹತ್ತು ನಿಮಿಷ ಮಾತಾಡಬೇಕು.’ ಪ್ಲಾಂಟ್ ಹೆಡ್ ಒತ್ತಾಯ ಮಾಡಿದರು ಅಂತ ಅದರಲ್ಲಿ ಬರೆಯಬೇಡಿ, ಅವರಿಗೆ ಅದು ಗೊತ್ತಿರುತ್ತದೆ. ಕಾಲ್ ಬಂದಾಗ ಮಾತಾಡುವ ಮೊದಲು ಪ್ಲಾಂಟ್ ಹೆಡ್‌ರನ್ನೂ ಅದೇ ಕಾಲ್‌ಗೆ ಸೇರಿಸಿಕೊಳ್ಳಿ.